ಅರಮನೆ ಫೋಟೋಗೆ ಪಟಾಕಿ ಸ್ಕ್ರೀನ್ ಹಾಕಿದ್ರೆ ಆಕಾಶ ಬೂದಿ ಆಗ್ತಿದೆ, ಮಾಡಿ ನೋಡಿದವರು ಹೇಳಿ

ಕೇಳಿದವರು: ಹೊಸಗಣ್ಣು
ಭಾನುವಾರ ಸಂಜೆ ಮೈಸೂರು ಅರಮನೆ ದೀಪ ಹತ್ತಿದಾಗ ಅಕ್ಕ, ಭಾವ, ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೆದೆ. ಹೋದ ದೀಪಾವಳಿಗೆ ನಮ್ಮ ತಾರಸಿ ಮೇಲಿಂದ ತೆಗೆದ ಬಾಣಬಿರುಸಿನ ಮೂರು ಫೋಟೋ ಇದ್ವು, ಅವನ್ನ ಫೋಟೋಶಾಪಲ್ಲಿ ಅರಮನೆ ಫೋಟೋ ಮೇಲೆ, ಕಪ್ಪು ಬಿಟ್ಟು ಬೆಳಕು ಮಾತ್ರ ಕಾಣಿಸೋ ಸ್ಕ್ರೀನ್ ಮೋಡಲ್ಲಿ ಹಾಕಿದೆ. ಕಪ್ಪು ಆಕಾಶ ಬೂದಿ ಬಳಿದಂಗೆ ಆಯ್ತು, ಒಂದು ಕಡೆ ಚೌಕದ ಅಂಚೂ ಕಾಣ್ತಿದೆ. ಅಕ್ಕನ ಗೃಹಪ್ರವೇಶಕ್ಕೆ ಫ್ರೇಮ್ ಹಾಕಿಸಿ ಕೊಡಬೇಕು. ನೀವೆಲ್ಲ ಹೆಂಗೆ ಮಾಡಿದ್ರಿ?

ಸ್ಟುಡಿಯೋದವ, ದಾವಣಗೆರೆ
ನನ್ನ ಕಥಿ ಕೇಳ್ರಿ ಮೊದಲು. ಇಂಟರ್‌ನೆಟ್ಟಿನ್ಯಾಗ ಪಟಾಕಿ ಓವರ್‌ಲೇ ಪ್ಯಾಕ್ ಅಂತ 2,400 ರೂಪಾಯಿ ಕೊಟ್ಟು ತಗೊಂಡೆ. ಒಂದು ರಿಸೆಪ್ಷನ್ ಆಲ್ಬಂ, 40 ಹಾಳಿ. ಅದರಾಗ ನಡುವಿನ ಜೋಡಿ ಹಾಳಿಗೆ ಮದುಮಕ್ಕಳ ಹಿಂದ ಪಟಾಕಿ ಹಾಕಿದೆ. ಮಾನಿಟರ್‌ನ್ಯಾಗ ಚಂದ ಕಾಣ್ತಿತ್ತು. ಪ್ರಿಂಟ್ ಆಗಿ ಬಂದ ಮ್ಯಾಲೆ ಹುಡುಗಿ ಅವ್ವ ಬೆರಳಿಟ್ಟು ತೋರಿಸಿದರು: ಕಿಡಿ ಎಲ್ಲಾ ಮದುಮಗಳ ಕಪ್ಪು ಜಡಿ ಮ್ಯಾಲೆ, ಮದುಮಗನ ಕೋಟಿನ ಮ್ಯಾಲೆ ಬಿದ್ದಾವ! ಮುಖದ ಮ್ಯಾಲೆ ಕಾಣ್ತಿರಲಿಲ್ಲ, ಮುಖ ಬೆಳ್ಳಗಿತ್ತಲ್ಲ. ಕತ್ತಲಿದ್ದಲ್ಲೆಲ್ಲಾ ಹಾಯ್ದು ಬಂದಿತ್ತು. ಆಲ್ಬಂ ಮತ್ತ ಮಾಡಿಸಿದೆ, 6,300. ಪ್ಯಾಡ್, ಪೆಟ್ಟಿಗಿ ಬ್ಯಾರೆ 850. ಬಾಕಿ 5,000 ಅವರು ಕೊಡಲೇ ಇಲ್ಲ, ನಾನೂ ಕೇಳಲಿಲ್ಲ. ಕಿಡಿ ಮನಷಾರ ಮ್ಯಾಲೆ ಬೀಳದಂಗ ಲೇಯರಿಗೆ ಮಾಸ್ಕ್ ಕಟ್ಟದೇ ಸ್ಕ್ರೀನ್ ಹಾಕಬ್ಯಾಡ್ರಿ, ಇಷ್ಟೇ.

ಮಳೆಕಾಡು
ಇದಕ್ಕೇ ನಾನು ಅಂಟಿಸೋ ಕೆಲಸಕ್ಕೆ ಹೋಗೋದಿಲ್ಲ ಮಾರಾಯ್ರೆ. ಆಗುಂಬೆ ಕಡೆ ಮೂರು ಮಳೆಗಾಲ ಮಿಂಚಿಗೆ ಕಾದವ ನಾನು. ಟ್ರೈಪಾಡ್ ಊರಿ, 15 ಸೆಕೆಂಡ್‌ಗೊಂದರಂತೆ ತೆಗೀತಾ ಕೂರೋದು. ಎರಡನೇ ವರ್ಷ ಲೆನ್ಸ್ ಒಳಗೆ ನೀರು ಹೋಗಿ ರಿಪೇರಿಗೆ 11,500 ಆಯ್ತು, ಹೆಂಡತಿಗೆ ಇನ್ನೂ 4,000 ಅಂತಲೇ ಗೊತ್ತಿರೋದು. ಮೂರನೇ ವರ್ಷ ಮಿಂಚಿರೋ 11 ಫ್ರೇಮ್ ಸಿಕ್ಕಿತು. ಎಲ್ಲ ಒಂದರ ಮೇಲೊಂದು ಸ್ಕ್ರೀನ್ ಹಾಕಿದೆ. ಮಧ್ಯರಾತ್ರಿ ಹೋಗಿ ಬೆಳಗಿನ ಜಾವ ಆಯ್ತು! ಆಮೇಲೆ ಲೈಟನ್ ಹಾಕಿದೆ, ಆಕಾಶ ಕಪ್ಪಗೇ ಉಳೀತು. ಸ್ಕ್ರೀನ್ ಮೋಡ್ ಅನ್ನೋದೇ ದಂಡ. ಲೈಟನ್ ಹಾಕಿ, ಮುಗೀತು.

ಬೆಳಕಿನ ಲೆಕ್ಕ
ಮಳೆಕಾಡು ಅವರು ಕಂಡಿದ್ದು ನಿಜ, ತೀರ್ಪು ಅರ್ಧ. ಸ್ಕ್ರೀನ್‌ನಲ್ಲಿ ಪೂರ್ತಿ ಸೊನ್ನೆ ಇರೋ ಕಪ್ಪು ಮಾತ್ರ ಮಾಯವಾಗೋದು. ತಾರಸಿ ಮೇಲಿನ ಕತ್ತಲು ಯಾವತ್ತೂ ಸೊನ್ನೆ ಅಲ್ಲ. ಹೊಗೆ ಇರುತ್ತೆ, ಬೀದಿದೀಪದ ಕೆಂಪು ಇರುತ್ತೆ. ಇನ್ಫೋ ಪ್ಯಾನೆಲ್ ತೆರೆದು ಪಟಾಕಿ ಫೋಟೋದ ಖಾಲಿ ಆಕಾಶದ ಮೇಲೆ ಮೌಸ್ ಇಟ್ಟು ನೋಡಿ, 0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ ಅಂದ್ರೆ ಅದು 25ರ ಆಸುಪಾಸು ಇರುತ್ತೆ. ಅರಮನೆ ಆಕಾಶ 15 ಅಂತಿಟ್ಟುಕೊಳ್ಳಿ. ಒಂದು ಪಟಾಕಿ ಲೇಯರ್ ಹಾಕಿದ್ರೆ 38, ಮೂರು ಹಾಕಿದ್ರೆ 79. ನಿಮ್ಮ ಬೂದಿ ಅದೇ. ಲೆಕ್ಕ ಬೇಕಾದವರಿಗೆ:

```
255 - (255-15) × (255-25) ÷ 255 = 38.5
```

ಲೈಟನ್ ಕೂಡಿಸಲ್ಲ, ಎರಡರಲ್ಲಿ ಹೆಚ್ಚಿರೋದನ್ನ ಇಟ್ಕೊಳ್ಳುತ್ತೆ. ಹಾಗಾಗಿ ಎಷ್ಟು ಫ್ರೇಮ್ ಹಾಕಿದ್ರೂ 25ಕ್ಕೇ ನಿಲ್ಲುತ್ತೆ. ಕಡ್ಡಿ ಥರದ ಮಿಂಚಿಗೆ ಸರಿ. ಆದ್ರೆ ಅರಮನೆ ಗೋಪುರದ ಸುತ್ತ ದೀಪದ ಮಂಜುಬೆಳಕು 60 ಇದ್ರೆ, ಕಿಡಿಯ ಸುತ್ತ ಇರೋ 40, 50ರ ಮಸುಕು ಬೆಳಕು ಅಲ್ಲಿ ಸಾಯುತ್ತೆ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ಪಟಾಕಿಯ ಚಂದ ಇರೋದೇ ಆ ಮಸುಕಲ್ಲಿ.

ನಾನು ಮಾಡೋದು ಇದು. ಪ್ರತಿ ಪಟಾಕಿ ಲೇಯರ್ ಮೇಲೂ ಕಪ್ಪು ಬಿಳುಪು ಹೊಂದಿಸೋ ಲೆವೆಲ್ಸ್ ಲೇಯರ್ ಒಂದು ಇಟ್ಟು, ಎರಡರ ನಡುವಿನ ಗೆರೆ ಮೇಲೆ ಆಲ್ಟ್ ಕ್ಲಿಕ್ ಮಾಡಿ ಅದಕ್ಕೇ ಕಟ್ಟಿಹಾಕ್ತೀನಿ. ಕಟ್ಟದೆ ಬಿಟ್ರೆ ಅರಮನೆಯೂ ಕಪ್ಪಾಗುತ್ತೆ, ಮೊದಲ ಸಲ ಎಲ್ಲರೂ ಮಾಡೋ ತಪ್ಪು. ಎಡಗಡೆ ಕಪ್ಪು ಗುಂಡಿಯನ್ನ ಖಾಲಿ ಆಕಾಶಕ್ಕಿಂತ ಒಂಚೂರು ಮೇಲೆ, 30ಕ್ಕೆ ತರ್ತೀನಿ, ಅದಕ್ಕಿಂತ ಕೆಳಗಿರೋದೆಲ್ಲ ಸೊನ್ನೆ ಆಗುತ್ತೆ. ಕೆಂಪು ಉಳಿದ್ರೆ ಕೆಂಪು ಚಾನೆಲ್ ಒಂದನ್ನೇ ಇನ್ನಷ್ಟು ಎಳೀತೀನಿ. ಅಂಚಿನ ಚೌಕಕ್ಕೆ ಮಾಸ್ಕೇ ಬೇಕಂತಿಲ್ಲ: ಪಟಾಕಿ ಲೇಯರ್ ಮೇಲೇ ಮೆತ್ತನೆ ದೊಡ್ಡ ಬ್ರಷ್ಷಲ್ಲಿ ಕಪ್ಪು ಬಳಿದ್ರೆ ಸಾಕು, ಸ್ಕ್ರೀನ್‌ನಲ್ಲಿ ಕಪ್ಪು ಬಳಿಯೋದೂ ಅಳಿಸೋದೂ ಒಂದೇ.

ಆಮೇಲೆ ಪರೀಕ್ಷೆ. ಎಲ್ಲದರ ಮೇಲೂ ಇನ್ನೊಂದು ಲೆವೆಲ್ಸ್ ಹಾಕಿ ಬಿಳಿ ಗುಂಡಿಯನ್ನ 40ಕ್ಕೆ ಎಳೀರಿ. ಕಣ್ಣಿಗೆ ಕಾಣದ ಅಂಚು, ಹೊಗೆಯ ಕಲೆ ಎಲ್ಲಾ ಹೊಡೆದು ಕಾಣುತ್ತೆ. ಸರಿಮಾಡಿ, ಆ ಲೇಯರ್ ತೆಗೆದುಬಿಡಿ. ಸ್ಟುಡಿಯೋದವರೇ, ಈ ಪರೀಕ್ಷೆ ಮಾಡಿದ್ರೆ ಜಡೆ ಮೇಲಿನ ಕಿಡಿ ಪ್ರಿಂಟ್‌ಗೆ ಮುಂಚೆಯೇ ಕಾಣ್ತಿತ್ತು.

ಸ್ಟುಡಿಯೋದವ, ದಾವಣಗೆರೆ
ಸೀಸನ್‌ನ್ಯಾಗ ದಿನಕ್ಕ ನಾಲ್ಕು ಆಲ್ಬಂ ಕಟ್ಟೋರಿಗೆ ಗುಂಡಿ ಎಳಕೋತ ಕುಂದ್ರಾಕ ಟೈಮ್ ಎಲ್ಲೈತ್ರಿ? ಹವ್ಯಾಸದೋರ ಮಾತಿದು.

ಬೆಳಕಿನ ಲೆಕ್ಕ
ಎರಡು ನಿಮಿಷದ ಕೆಲಸ ಸ್ವಾಮಿ. ನೀವು ಕಳೆದಿದ್ದು 7,150 ಮತ್ತೆ ಬಾಕಿ 5,000.

ರೀಲ್ಸ್ ರಾಣಿ
ನಾನು ಫೋನಲ್ಲೇ ಮಾಡ್ತೀನಿ ಚೆನ್ನಾಗೇ ಬರುತ್ತೆ 😊 ಬೊಕೆ ಹಾಕಿ, ಅದೇ ಮಸುಕಾದ ದೀಪದ ಉಂಡೆಗಳು, ಪಟಾಕಿಗಿಂತ ಕ್ಲಾಸ್ ಆಗಿ ಕಾಣುತ್ತೆ. ನನ್ನ ತಮ್ಮನ ನಿಶ್ಚಿತಾರ್ಥದ ಫೋಟೋಗೆ ಎಂ.ಜಿ. ರಸ್ತೆ ಲೈಟಿನ ಬೊಕೆ ಹಾಕಿದ್ದೆ, 300 ಲೈಕ್. ಒಬ್ರು ಮಾತ್ರ ‘ಹಿಂದೆ ಕಾಂಪೌಂಡ್ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಕಾಣ್ತಿದೆ, ಅದರ ಮುಂದೆ ದೀಪ ಮಸುಕಾಗಿದೆ, ಹೆಂಗೆ?’ ಅಂದ್ರು. ಹೊಟ್ಟೆಕಿಚ್ಚು.

ಬೆಳಕಿನ ಲೆಕ್ಕ
ಅವರು ಹೇಳಿದ್ದು ಸರಿ ತಾಯಿ. ದೀಪ ಉಂಡೆಯಾಗೋದು ಅದು ಫೋಕಸ್‌ನಿಂದ ಆಚೆ ಇದ್ದಾಗ. ಹಿಂದಿನ ಗೋಡೆ ಚೂಪಾಗಿದ್ರೆ ಮೊದಲು ಗೋಡೆಯನ್ನ ಮಸುಕು ಮಾಡಿ, ಆಮೇಲೆ ಬೊಕೆ. ಹೊಸಗಣ್ಣು ಅವರ ಅರಮನೆ ಚೂಪಾಗಿದೆ, ಅಲ್ಲಿ ಬೊಕೆ ಕೂರೋದೇ ಇಲ್ಲ.

ರೀಲ್ಸ್ ರಾಣಿ
300 ಜನಕ್ಕೆ ಗೊತ್ತಾಗಲಿಲ್ಲ, ನಿಮಗೆ ಗೊತ್ತಾಯ್ತಾ. ಸರಿ ಬಿಡಿ.

ಒಂಟಿಕೊಪ್ಪಲ್ ಅಜ್ಜ
ಫೋಟೋ ವಿಷಯ ನನಗೆ ತಿಳಿಯದು ಕಣಪ್ಪ. ಆದರೆ ಭಾನುವಾರ ದೀಪ ಹತ್ತೋದು ಸ್ವಲ್ಪ ಹೊತ್ತು, ಸುಮಾರು 1 ಲಕ್ಷ ಬಲ್ಬು. ಅವತ್ತು ಯಾರಪ್ಪ ಬಾಣಬಿರುಸು ಬಿಡ್ತಾರೆ? ನೋಡಿದ ಮೈಸೂರಿನವರು ನಗ್ತಾರೆ.

ಮಳೆಕಾಡು
ಅಜ್ಜ ಹೇಳಿದ್ದೇ ನನ್ನ ಮಾತು. ಸುಳ್ಳು ಫೋಟೋ.

ಹೊಸಗಣ್ಣು
ಅಜ್ಜ, ಅಕ್ಕನ ಮನೆ ಗೋಡೆಗೆ ಅಷ್ಟೇ, ಪೇಪರಿಗಲ್ಲ. ಲೆಕ್ಕದವರೇ, ನೋಡಿದೆ, ನನ್ನ ಪಟಾಕಿ ಫೋಟೋ ಆಕಾಶ 27 ಇತ್ತು. ಕಪ್ಪು ಗುಂಡಿ 32ಕ್ಕೆ ತಂದೆ, ಬೂದಿ ಹೋಯ್ತು, ಚೌಕವೂ ಹೋಯ್ತು. ಆದ್ರೆ ಒಂದು ಪಟಾಕಿ ಗುಮ್ಮಟದ ಮೇಲೆ ಬಿದ್ದಿದೆ. ಬಲ್ಬ್ ಇರೋ ಕಡೆ ಕಾಣಲ್ಲ, ಬಲ್ಬ್ ನಡುವಿನ ಕತ್ತಲಲ್ಲಿ ಕಾಣುತ್ತೆ, ಜರಡಿ ಹಿಡಿದಂಗೆ.

ಬೆಳಕಿನ ಲೆಕ್ಕ
ಬಲ್ಬ್ ಆಗಲೇ 250 ದಾಟಿರುತ್ತೆ, ಅದರ ಮೇಲೆ ಏನು ಸೇರಿಸಿದ್ರೂ ಬಿಳಿಯೇ. ಗುಮ್ಮಟವನ್ನ ಸೆಲೆಕ್ಟ್ ಮಾಡಿ ಪಟಾಕಿ ಲೇಯರಲ್ಲಿ ಅಷ್ಟೂ ಕಪ್ಪು ಬಳಿದುಬಿಡಿ, ಪಟಾಕಿ ಗುಮ್ಮಟದ ಹಿಂದೆ ಹೋಗುತ್ತೆ. ಅಂಚನ್ನ ಒಂದೆರಡು ಪಿಕ್ಸೆಲ್ ಮೆತ್ತಗಿಡಿ. ಮಕ್ಕಳ ತಲೆಗೂದಲು ಅರಮನೆ ಮೇಲೆ ಬಂದಿದ್ರೆ ಸಮಸ್ಯೆ ಇಲ್ಲ, ಆಕಾಶಕ್ಕೆ ತಾಗಿದ್ರೆ ಮಾತ್ರ ತಾಪತ್ರಯ.

ಹೊಸಗಣ್ಣು
ಭಾವ ಆರಡಿ ಮೂರಂಗುಲ. ಆಕಾಶಕ್ಕೇ ತಾಗಿದ್ದಾರೆ.

ಸ್ಟುಡಿಯೋದವ, ದಾವಣಗೆರೆ
ಭಾವಗ ಟೊಪ್ಪಿಗಿ ಹಾಕ್ರಿ.

ಮಳೆಕಾಡು
ಅದನ್ನೂ ಅಂಟಿಸೋದಾ?