ಅಪ್‌ಡೇಟ್: ಬಚ್ಚಿಟ್ಟ ವೈಫೈಗೆ ಫೋನ್ ಕೊನೆಗೂ ಸೇರಿತು

ನನ್ನ ಪ್ರಶ್ನೆ: "ರೂಟರ್‌ನಲ್ಲಿ ವೈಫೈ ಹೆಸರು ಬಚ್ಚಿಟ್ಟಿದ್ದೇನೆ. ಫೋನಿನಲ್ಲಿ ಕೈಯಾರೆ ಸೇರಿಸಿದರೆ ಸೇವ್ ಆಗುತ್ತದೆ, ಕನೆಕ್ಟ್ ಆಗೋದಿಲ್ಲ. ಎರರ್ ಕೂಡ ಇಲ್ಲ. ಏನು ಮಾಡಲಿ?"

ನಾಲ್ಕು ದಿನದ ನಂತರ ಸರಿಯಾಯಿತು. ರೂಟರ್ ರೀಸ್ಟಾರ್ಟ್ ಮಾಡಿದ್ದು, ಪಾಸ್‌ವರ್ಡ್ ಬದಲಿಸಿದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. "ಹೆಸರಿನ ಅಕ್ಷರ ಎಣಿಸಿ ನೋಡಿ" ಅಂದವರ ಮಾತೇ ನಿಜವಾಯಿತು.

ರೂಟರ್‌ನಲ್ಲಿದ್ದ ಹೆಸರು `Mane_Net`, ಎಂಟು ಅಕ್ಷರ. ಫೋನಿನಲ್ಲಿ ಒಂಬತ್ತಿತ್ತು! ಕೀಬೋರ್ಡ್ ಸೂಚಿಸಿದ ಪದವನ್ನು ಒತ್ತಿದಾಗ ಕೊನೆಗೆ ಒಂದು ಸ್ಪೇಸ್ ತಾನಾಗಿ ಸೇರಿಕೊಂಡಿತ್ತು. ಕಣ್ಣಿಗೆ ಕಾಣುವುದೇ ಇಲ್ಲ. ದೊಡ್ಡ, ಚಿಕ್ಕ ಅಕ್ಷರವೂ ಹಾಗೇ ಹೊಂದಬೇಕು.

ಎರರ್ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯಿತು. ಬಚ್ಚಿಟ್ಟ ರೂಟರ್ ತನ್ನ ಹೆಸರನ್ನು ಸಾರುವುದಿಲ್ಲ. ಫೋನೇ ಹೆಸರು ಹಿಡಿದು "ಇದ್ದೀಯಾ?" ಎಂದು ಕೂಗಬೇಕು. ಹೆಸರು ಚೂರು ತಪ್ಪಿದರೂ ರೂಟರ್ ಉತ್ತರಿಸುವುದಿಲ್ಲ. ಫೋನಿಗೆ ಅದು ದೂರದಲ್ಲಿರುವ ನೆಟ್‌ವರ್ಕ್‌ನಂತೆಯೇ ಕಾಣುತ್ತದೆ. ಪಾಸ್‌ವರ್ಡ್ ಪರೀಕ್ಷೆಯ ಹಂತವೇ ಬರುವುದಿಲ್ಲ, ಅಲ್ವಾ?

ಸ್ಪೇಸ್ ತೆಗೆದರೂ ಮತ್ತೆ ಮೌನ. ರೂಟರ್ `WPA3-Personal` ಮಾತ್ರ ಒಪ್ಪುವಂತಿತ್ತು, ನಾನು `WPA2` ಆರಿಸಿದ್ದೆ. ಈ ಸಲ ರೂಟರ್ ಉತ್ತರಿಸಿದರೂ ಭದ್ರತೆಯ ಬಗೆ ಹೊಂದದ್ದರಿಂದ ಫೋನ್ ಅದನ್ನು ಬೇರೆ ನೆಟ್‌ವರ್ಕ್ ಎಂದುಕೊಂಡು ಸುಮ್ನೆ ಬಿಟ್ಟಿತ್ತು. ಸೇವ್ ಆದದ್ದನ್ನು ಅಳಿಸಿ, ಹೊಸದಾಗಿ ಸೇರಿಸುವಾಗ `WPA3-Personal` ಆರಿಸಿ, `Hidden network` ಆಯ್ಕೆಗೆ ಮೊದಲಿನಂತೆ `Yes` ಕೊಟ್ಟೆ. ಕೆಲವೇ ಸೆಕೆಂಡಿನಲ್ಲಿ ಸೇರಿತು.

ನನಗೆ ಅಚ್ಚರಿಯಾದದ್ದು ಬೇರೆ. ಹೀಗೆ ಸೇವ್ ಮಾಡಿದ ಫೋನ್ ಹೊರಗೆ ಹೋದಾಗಲೂ ಆ ಹೆಸರನ್ನು ಕೂಗಿ ಹುಡುಕಬಹುದಂತೆ. ಅದಕ್ಕೇ ಈಗ ಬಚ್ಚಿಡುವುದನ್ನೇ ಬಿಟ್ಟಿದ್ದೇನೆ.