ಫ್ಲ್ಯಾಂಜ್ ಬುಷ್‌ನ ಮೂಲೆಯಲ್ಲಿ ಕ್ರ್ಯಾಕ್: ಪೌಡರ್ ಬದಲಿಸಿದ ಮೇಲೆ ಶುರುವಾಯ್ತು

ಉದ್ಯಮಬಾಗ್_ಬುಷ್
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮದು ಸಣ್ಣ ಯೂನಿಟ್. ಪೌಡರ್ ಒತ್ತಿ, ಸಿಂಟರ್ ಮಾಡಿ ಬುಷ್ ಕೊಡುತ್ತೇವೆ. ಒಂದು ಐಟಂ ಮೂರು ವರ್ಷದಿಂದ ತೊಂದರೆಯಿಲ್ಲದೆ ಓಡುತ್ತಿತ್ತು. ಫ್ಲ್ಯಾಂಜ್ ಬುಷ್. ಫ್ಲ್ಯಾಂಜ್ 26 ಮಿ.ಮೀ., ದಪ್ಪ 4. ಮೈ 18, ರಂಧ್ರ 12, ಒಟ್ಟು ಉದ್ದ 20. ತೂಕ 26 ಗ್ರಾಂ.

ಹೋದ ತಿಂಗಳಿಂದ ಫ್ಲ್ಯಾಂಜ್ ಮೈಗೆ ಸೇರುವ ಮೂಲೆಯಲ್ಲಿ ಸುತ್ತಲೂ ಕೂದಲೆಳೆಯಂಥ ಕ್ರ್ಯಾಕ್ ಬರುತ್ತಿದೆ. 50 ಪೀಸ್ ತೆಗೆದರೆ 17 ರಿಜೆಕ್ಟ್. ಸಿಂಟರಿಂಗ್ ಆದ ಮೇಲೆ ಕಾಣುತ್ತದೆ. ಮಿಶ್ರಣ ಮೊದಲಿನದೇ: ಕಬ್ಬಿಣಕ್ಕೆ 2% ತಾಮ್ರ, 0.7% ಗ್ರಾಫೈಟ್, 0.8% ಜಿಂಕ್ ಸ್ಟಿಯರೇಟ್. ಫರ್ನೇಸ್ 1120 ಡಿಗ್ರಿ, ಅದೂ ಮೊದಲಿನದೇ. ಬದಲಾಗಿದ್ದು ಒಂದೇ. ಸ್ಪಂಜ್ ಕಬ್ಬಿಣದ ಪೌಡರ್ ಸರಿಯಾಗಿ ಸಿಗುತ್ತಿರಲಿಲ್ಲ, ಅದಕ್ಕೆ ವಾಟರ್ ಆಟೊಮೈಸ್ಡ್ ಪೌಡರಿಗೆ ಬಂದೆವು. ಪೌಡರೇ ಕೆಟ್ಟದ್ದಾ?

ಕುಲುಮೆ_ಕಾಕಾ
ಪೌಡರ್ ಬಿಡ್ರೀ, ಫರ್ನೇಸ್ ನೋಡ್ರಿ. ಇಪ್ಪತ್ತು ವರ್ಷ ಬೆಲ್ಟ್ ಫರ್ನೇಸ್ ನಡೆಸಿದವನು ನಾನು. ಸ್ಟಿಯರೇಟ್ ಸುಟ್ಟು ಹೋಗೋಕೆ ಮೊದಲನೇ ಝೋನ್‌ನಲ್ಲಿ ಟೈಮ್ ಸಿಗಲಿಲ್ಲ ಅಂದರೆ ಒಳಗಿನ ಆವಿ ಪೀಸನ್ನು ಒಡೆದು ಹೊರಗೆ ಬರುತ್ತದೆ. ಬೆಲ್ಟ್ ನಿಧಾನ ಮಾಡಿ, ಮೊದಲನೇ ಝೋನ್ 600ರ ಹತ್ತಿರ ಇಡಿ. ಕ್ರ್ಯಾಕ್ ಹೋಗುತ್ತದೆ.

ಉದ್ಯಮಬಾಗ್_ಬುಷ್
ಕಾಕಾ, ಅದನ್ನೂ ಮಾಡಿ ನೋಡಿದೆ. ಬೆಲ್ಟ್ ನಿಧಾನ ಮಾಡಿದ ಮೇಲೆ ಪೀಸಿನ ಮೇಲಿನ ಮಸಿ ಕಡಿಮೆ ಆಯ್ತು, ಸುಳ್ಳು ಹೇಳಲ್ಲ. ಕ್ರ್ಯಾಕ್ ಮಾತ್ರ ಅಷ್ಟೇ ಇದೆ.

ಸುಮಾ_ಟೂಲ್‌ರೂಮ್
ಕಾಕಾ ಹೇಳಿದ ತೊಂದರೆ ನಿಜವಾದದ್ದೇ, ಆದರೆ ಅದರ ಗುರುತು ಬೇರೆ. ಆವಿ ಒಡೆದರೆ ಗುಳ್ಳೆ ಏಳುತ್ತದೆ, ಮೇಲ್ಮೈ ಉಬ್ಬುತ್ತದೆ, ಒಡಕು ಎಲ್ಲೆಂದರಲ್ಲಿ ಇರುತ್ತದೆ. ನಿಮ್ಮದು ಪ್ರತಿ ಸಲ ಒಂದೇ ಜಾಗ, ಸುತ್ತಲೂ ಉಂಗುರದ ಹಾಗೆ. ಇದು ಪ್ರೆಸ್‌ನಲ್ಲೇ ಹುಟ್ಟಿದ್ದು ಅಂತ ನನ್ನ ಅನುಮಾನ. ಫರ್ನೇಸ್ ಅದನ್ನು ತೆರೆದು ತೋರಿಸುತ್ತದೆ, ಅಷ್ಟೇ.

ಒಂದು ಕೆಲಸ ಮಾಡಿ. ಪ್ರೆಸ್‌ನಿಂದ ಈಗಷ್ಟೇ ಹೊರಗೆ ಬಂದ 20 ಹಸಿ ಪೀಸ್ ತಗೊಳ್ಳಿ. ಮೂಲೆಗೆ ಬ್ರಷ್‌ನಲ್ಲಿ ಅಸಿಟೋನ್ ಹಚ್ಚಿ, ಬೆಳಕಿಗೆ ಹಿಡಿದು ನೋಡಿ. ಉಳಿದ ಜಾಗ ಒಣಗುತ್ತದೆ, ಕ್ರ್ಯಾಕ್ ಇದ್ದ ಕಡೆ ಗೆರೆ ಒಂದೆರಡು ಸೆಕೆಂಡ್ ಜಾಸ್ತಿ ಒದ್ದೆ ಇರುತ್ತದೆ. ಬೆಂಕಿ ಹತ್ತಿರ ಮಾಡಬೇಡಿ.

ಜೊತೆಗೆ ಮೂರು ವಿಷಯ ಹೇಳಿ. ನಿಮ್ಮ ಡೈ ಹೇಗಿದೆ, ಫ್ಲ್ಯಾಂಜಿಗೆ ಬೇರೆ ಪಂಚ್ ಇದೆಯಾ ಅಥವಾ ಡೈಯಲ್ಲೇ ಮೆಟ್ಟಿಲು ಇದೆಯಾ? ಮಿಕ್ಸರ್ ಎಷ್ಟು ಹೊತ್ತು ಓಡಿಸುತ್ತೀರಿ? ಹಳೇ ಪೌಡರ್, ಹೊಸ ಪೌಡರ್ ಎರಡನ್ನೂ 25 ಸಿ.ಸಿ. ಕಪ್ಪಿಗೆ ಫನಲ್‌ನಿಂದ ಸುರಿದು, ಮೇಲೆ ಸವರಿ ತೂಗಿದರೆ ಎಷ್ಟು ಬರುತ್ತದೆ?

ಬೀಗದ_ಭಟ್ರು
ನನಗೂ ಇದೇ ತರ ಒಂದು ಪ್ರಶ್ನೆ. ಬೀಗದ ಲಿವರ್ ಮಾಡಿಸಬೇಕು. ಅದಕ್ಕೆ ಅಡ್ಡಕ್ಕೆ ಒಂದು 3 ಮಿ.ಮೀ. ತೂತು, ತುದಿಯಲ್ಲಿ ಥ್ರೆಡ್. ವರ್ಷಕ್ಕೆ 800 ಪೀಸ್. ಪೌಡರಿನಲ್ಲಿ ಒಂದೇ ಏಟಿಗೆ ಬರುತ್ತಲ್ವಾ?

ಸುಮಾ_ಟೂಲ್‌ರೂಮ್
ಭಟ್ರೇ, ಬರಲ್ಲ. ಪಂಚ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. ಒತ್ತಿದ ಪೀಸ್ ನೇರವಾಗಿ ಡೈಯಿಂದ ಹೊರಗೆ ಬರಬೇಕು. ಅಡ್ಡ ತೂತು, ಥ್ರೆಡ್, ಒಳಗೆ ಕೊರೆದ ಗ್ರೂವ್ ಇವೆಲ್ಲ ಆಮೇಲೆ ಮೆಷಿನ್ ಮಾಡಬೇಕು. ಎರಡು ಆಪರೇಷನ್ ಆಮೇಲೆ ಮಾಡೋದಾದರೆ ಪೌಡರಿನ ಲಾಭ ಏನು ಉಳಿಯಿತು? 800 ಪೀಸಿಗೆ ಡೈ ದುಡ್ಡೂ ಹುಟ್ಟಲ್ಲ. ಹತ್ತಾರು ಸಾವಿರ ಇದ್ದರೆ ಮಾತಾಡಬಹುದು. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅಂದರೆ ಆಯಿಲ್ ಪಂಪಿನ ರೋಟರ್, ಶಾಕ್ ಅಬ್ಸಾರ್ಬರ್ ಪಿಸ್ಟನ್, ಸಣ್ಣ ಸ್ಪ್ರಾಕೆಟ್, ಎಣ್ಣೆ ಕುಡಿಸಿದ ಬುಷ್. ಮೇಲಿನಿಂದ ನೋಡಿದರೆ ಆಕಾರ ಎಷ್ಟು ಜಟಿಲ ಇದ್ದರೂ ಪರವಾಗಿಲ್ಲ, ಪಕ್ಕದಿಂದ ನೋಡಿದರೆ ಸರಳ ಇರಬೇಕು. ನಿಮ್ಮ ಲಿವರನ್ನು ಶೀಟಿನಲ್ಲಿ ಪಂಚ್ ಮಾಡಿಸಿ, ತೂತು ಡ್ರಿಲ್ ಮಾಡಿ.

ಬೀಗದ_ಭಟ್ರು
ಯಾರೋ ಎಂಐಎಂ ಅಂತ ಹೇಳಿದ್ದರು. ಅದರಲ್ಲಿ ಅಡ್ಡ ತೂತು ಬರುತ್ತಂತೆ.

ಸುಮಾ_ಟೂಲ್‌ರೂಮ್
ಬರುತ್ತದೆ. ಪ್ಲಾಸ್ಟಿಕ್ ತರ ಮೋಲ್ಡಿಗೆ ಇಂಜೆಕ್ಟ್ ಮಾಡೋದು ಅದು. ಬಹಳ ನುಣ್ಣಗಿನ ಪೌಡರ್ ಬೇಕು, ದುಬಾರಿ, ಸಿಂಟರಿಂಗ್‌ನಲ್ಲಿ ಅಳತೆ 15ರಿಂದ 20% ಕುಗ್ಗುತ್ತದೆ. 800 ಪೀಸಿಗೆ ಅದೂ ಬೇಡ. ಈಗ ಬುಷ್ ಕಡೆ ಬರೋಣ.

ಉದ್ಯಮಬಾಗ್_ಬುಷ್
ಮೇಡಂ, ಅಸಿಟೋನ್ ಹಚ್ಚಿದೆ. 20ರಲ್ಲಿ 7 ಪೀಸಿನಲ್ಲಿ ಗೆರೆ ಕಂಡಿತು. ಹಸಿ ಪೀಸಿನಲ್ಲೇ! ನಾಲ್ಕು ವಾರ ಫರ್ನೇಸಿನ ಹಿಂದೆ ಓಡಿದ್ದೆ.

ಡೈಯಲ್ಲೇ ಮೆಟ್ಟಿಲು ಇದೆ. ಮೆಟ್ಟಿಲಿನ ಆಳ 10.8 ಮಿ.ಮೀ. ಕೆಳಗೆ ಒಂದೇ ಪಂಚ್, ಡೈ ಸ್ಪ್ರಿಂಗ್ ಮೇಲೆ ತೇಲುತ್ತದೆ. ಪ್ರೆಸ್ 40 ಟನ್, ಈ ಪೀಸಿಗೆ ಸುಮಾರು 21 ಟನ್ ಹಾಕುತ್ತೇವೆ. ಡಬಲ್ ಕೋನ್ ಮಿಕ್ಸರ್ 45 ನಿಮಿಷ ಓಡಿಸುತ್ತೇವೆ. ಮೊದಲು 20 ಇತ್ತು. ಗ್ರಾಫೈಟ್ ಸರಿಯಾಗಿ ಬೆರೆಯಲಿ ಅಂತ ಹೊಸ ಪೌಡರ್ ಜೊತೆ ಜಾಸ್ತಿ ಮಾಡಿದೆವು.

ಕಪ್ ತೂಕ: ಹಳೇದು 61 ಗ್ರಾಂ, ಹೊಸದು 74. ಹೊಸ ಪೌಡರ್ ಭಾರ ಇದೆ ಅಂತ ಗೊತ್ತಿತ್ತು. ಅದಕ್ಕೇ ಕೆಳಗಿನ ಪಂಚ್ ಎತ್ತಿ, ಫಿಲ್ ಕಡಿಮೆ ಮಾಡಿ, ಪೀಸಿನ ತೂಕ ಮತ್ತೆ 26ಕ್ಕೆ ತಂದಿದ್ದೇವೆ.

ಹೊಸ_ಇಂಜಿನಿಯರ್
ಹಾಗಾದರೆ ಟನ್ನೇಜ್ ಜಾಸ್ತಿ ಮಾಡಿದರೆ ಸಾಕಲ್ವಾ? ಒತ್ತಡ ಹೆಚ್ಚಾದರೆ ಹಸಿ ಪೀಸ್ ಗಟ್ಟಿಯಾಗುತ್ತದೆ.

ಸುಮಾ_ಟೂಲ್‌ರೂಮ್
ಹೊಸಬರೇ, ಇಲ್ಲಿ ಒತ್ತಡ ಏರಿಸಿದರೆ ಇನ್ನೂ ಬೇಗ ಒಡೆಯುತ್ತದೆ. ಯಾಕೆ ಅಂತ ಲೆಕ್ಕ ಹಾಕೋಣ.

ಬುಷ್ ಅಣ್ಣ, ನೀವು ಪೀಸಿನ ಒಟ್ಟು ತೂಕ ಸರಿ ಮಾಡಿದಿರಿ. ಆದರೆ ಪಂಚ್ ಎತ್ತಿದಾಗ ಕಡಿಮೆ ಆಗಿದ್ದು ಮೈಯ ಪೌಡರ್ ಮಾತ್ರ. ಮೆಟ್ಟಿಲಿನ ಆಳ ಡೈಯಲ್ಲಿ ಕೊರೆದದ್ದು, ಅದು ಎಲ್ಲಿಗೆ ಹೋಗುತ್ತದೆ? ಮೆಟ್ಟಿಲಿನ ಮೇಲಿನ ಉಂಗುರದ ಜಾಗ ಹೆಚ್ಚೂಕಡಿಮೆ 3 ಸಿ.ಸಿ. ಹಳೇ ಪೌಡರ್ ಅಲ್ಲಿ 7.3 ಗ್ರಾಂ ಹಿಡಿಯುತ್ತಿತ್ತು. 4 ಮಿ.ಮೀ.ಗೆ ಒತ್ತಿದಾಗ ಸಾಂದ್ರತೆ 6.6. ಹೊಸ ಪೌಡರ್ ಅದೇ ಜಾಗದಲ್ಲಿ 8.8 ಗ್ರಾಂ ಹಿಡಿಯುತ್ತದೆ. ಅದನ್ನೇ 4 ಮಿ.ಮೀ.ಗೆ ಒತ್ತಿದರೆ ಸಾಂದ್ರತೆ ಎಂಟರ ಹತ್ತಿರ ಬರಬೇಕು. ಗಟ್ಟಿ ಕಬ್ಬಿಣವೇ 7.87, ಅದು ಆಗದ ಮಾತು. ಹಾಗಾಗಿ ಆ ಒಂದೂವರೆ ಗ್ರಾಂ ಪಕ್ಕಕ್ಕೆ, ಮೈಯ ಕಡೆಗೆ ಜಾರಲೇಬೇಕು. ಮೈಯಲ್ಲಿ ಅಷ್ಟೇ ಕೊರತೆ ಇದೆ.

ಜಾರೋದು ಶುರುವಿನಲ್ಲೇ, ಪೌಡರ್ ಸಡಿಲ ಇದ್ದಾಗ ಆದರೆ ತೊಂದರೆ ಇರಲಿಲ್ಲ. ಇದು ಆಗೋದು ಕೊನೆಯಲ್ಲಿ, ಫ್ಲ್ಯಾಂಜ್ ಆಗಲೇ ಕಚ್ಚಿಕೊಂಡ ಮೇಲೆ. ಕಚ್ಚಿಕೊಂಡ ಕಣಗಳನ್ನು ಮೂಲೆಯಲ್ಲಿ ಮತ್ತೆ ಕತ್ತರಿಸಿದ ಹಾಗೆ ಆಗುತ್ತದೆ. ಆ ಗಾಯ ಮತ್ತೆ ಕೂಡಲ್ಲ. ಸಿಂಟರಿಂಗ್‌ನಲ್ಲಿ 1085 ಡಿಗ್ರಿ ದಾಟಿದ ಮೇಲೆ ತಾಮ್ರ ಕರಗಿ ಓಡಾಡುತ್ತದೆ ನಿಜ, ಆದರೆ ಅದು ಹೋಗೋದು ಸಣ್ಣ ಸಂದುಗಳಿಗೆ. ಬಾಯಿ ಬಿಟ್ಟ ಕ್ರ್ಯಾಕ್ ಮುಚ್ಚಲ್ಲ.

ಖಾತ್ರಿ ಬೇಕಾದರೆ ಸಿಂಟರ್ ಆದ ಪೀಸಿನ ಫ್ಲ್ಯಾಂಜನ್ನು ಲೇತಿನಲ್ಲಿ ಬೇರೆ ಮಾಡಿ, ಎರಡೂ ತುಂಡು ಅಳೆದು ತೂಗಿ.

ಉದ್ಯಮಬಾಗ್_ಬುಷ್
ತೂಗಿದೆ. ಸಾಂದ್ರತೆ ಫ್ಲ್ಯಾಂಜ್ 6.85, ಮೈ 6.37. ಹಳೇ ಲಾಟ್‌ನ ಒಂದು ಪೀಸ್ ಡ್ರಾಯರ್‌ನಲ್ಲಿತ್ತು, ಅದರಲ್ಲಿ ಎರಡೂ 6.5ರ ಆಸುಪಾಸು. ಈಗ ಡೈ ಮೇಲ್ಮೈ ಗ್ರೈಂಡ್ ಮಾಡಿ ಮೆಟ್ಟಿಲಿನ ಆಳ ಇಳಿಸಬೇಕು, ಅಲ್ವಾ? 1.9 ಮಿ.ಮೀ. ಅಂತ ನನ್ನ ಲೆಕ್ಕ.

ಸುಮಾ_ಟೂಲ್‌ರೂಮ್
ತಡೀರಿ. ಗ್ರೈಂಡ್ ಮಾಡಿದ್ದನ್ನು ವಾಪಸ್ ಹಾಕೋಕೆ ಆಗಲ್ಲ. ಮೊದಲು ಮಿಕ್ಸಿಂಗ್ 20 ನಿಮಿಷಕ್ಕೆ ತನ್ನಿ. ಜಾಸ್ತಿ ಹೊತ್ತು ತಿರುಗಿಸಿದರೆ ಸ್ಟಿಯರೇಟ್ ಪ್ರತಿ ಕಣಕ್ಕೂ ಸವರಿಕೊಳ್ಳುತ್ತದೆ. ಪೌಡರ್ ಜಾರಿ ಒತ್ತೊತ್ತಾಗಿ ಕೂರುತ್ತದೆ, ಕಪ್ ತೂಕ ಏರುತ್ತದೆ, ಹಸಿ ಪೀಸಿನ ಬಲ ಇಳಿಯುತ್ತದೆ. ಸ್ಪಂಜ್ ಪೌಡರ್ ಮುಳ್ಳುಮುಳ್ಳಾಗಿ ಕಚ್ಚಿಕೊಳ್ಳುತ್ತಿತ್ತು, ಆಟೊಮೈಸ್ಡ್‌ಗೆ ಆ ಹಿಡಿತ ಕಡಿಮೆ. ಅದರ ಮೇಲೆ ಇದೂ ಬೇಡ. ಗ್ರಾಫೈಟ್ ಬಗ್ಗೆ ಚಿಂತೆ ಇದ್ದರೆ ಡ್ರಮ್ಮಿನಿಂದ ಹಾಪರಿಗೆ ಎತ್ತರದಿಂದ ಸುರಿಯೋದನ್ನು ನಿಲ್ಲಿಸಿ. ಹಗುರ ಗ್ರಾಫೈಟ್ ಬೇರೆಯಾಗೋದು ಅಲ್ಲೇ ಜಾಸ್ತಿ.

ಹಳೇ ಸ್ಪಂಜ್ ಪೌಡರ್ ಸ್ವಲ್ಪ ಉಳಿದಿದ್ದರೆ ಅರ್ಧಕ್ಕರ್ಧ ಬೆರೆಸಿ 50 ಪೀಸ್ ಒತ್ತಿ. ಕ್ರ್ಯಾಕ್ ಇಳಿದರೆ ಡೈ ಮುಟ್ಟಿ.

ಉದ್ಯಮಬಾಗ್_ಬುಷ್
ಅರ್ಧಕ್ಕರ್ಧ ಬೆರೆಸಿದ್ದರಲ್ಲಿ ಕಪ್ 67 ಗ್ರಾಂ. 50ರಲ್ಲಿ 4 ಮಾತ್ರ ಕ್ರ್ಯಾಕ್.

ಬರೀ ಹೊಸ ಪೌಡರ್ 20 ನಿಮಿಷ ಮಿಕ್ಸ್ ಮಾಡಿದಾಗ ಕಪ್ 74ರಿಂದ 72.5ಕ್ಕೆ ಇಳಿಯಿತು. ಆ ಲೆಕ್ಕಕ್ಕೆ ಮೆಟ್ಟಿಲು 9.1 ಸಾಕು, ಅಂದರೆ 1.7 ತೆಗೆಯಬೇಕು. ನಿಮ್ಮ ಮಾತು ಕೇಳದೆ ಅವಸರದಲ್ಲಿ 1.9 ತೆಗೆದಿದ್ದರೆ ಫ್ಲ್ಯಾಂಜಿಗೆ ಪೌಡರ್ ಕಡಿಮೆ ಬೀಳುತ್ತಿತ್ತು.

ಕುಲುಮೆ_ಕಾಕಾ
ಕಾರ್ಬೈಡ್ ಡೈ ಇದ್ದರೆ ಡೈಮಂಡ್ ವೀಲ್ ಹಾಕಿಸ್ರಿ. ಮಾಮೂಲಿ ವೀಲ್‌ನಿಂದ ಸುಟ್ಟು ಬಿರುಕು ಬಿಟ್ಟದ್ದನ್ನು ನೋಡಿದ್ದೇನೆ. ಮತ್ತೆ, ಬೆಲ್ಟ್ ನಿಧಾನ ಮಾಡಿದ್ದನ್ನು ವಾಪಸ್ ತೆಗೆಯಬೇಡ್ರಿ. ಮಸಿ ಇತ್ತು ಅಂತ ನೀವೇ ಹೇಳಿದಿರಿ.

ಉದ್ಯಮಬಾಗ್_ಬುಷ್
ಹತ್ತು ದಿನ ಆಯ್ತು, ಅಪ್‌ಡೇಟ್ ಹಾಕ್ತಿದ್ದೇನೆ. ಡೈ 1.7 ಗ್ರೈಂಡ್ ಆಯ್ತು, ಕೆಳಗಿನ ಪಂಚಿನ ಫಿಲ್ ಮತ್ತೆ ಸೆಟ್ ಮಾಡಿದೆವು. ಫ್ಲ್ಯಾಂಜ್ 6.56, ಮೈ 6.52. ನಿನ್ನೆ 300 ಪೀಸ್ ಒತ್ತಿದೆವು. ಅಸಿಟೋನ್‌ನಲ್ಲಿ 9 ಪೀಸಿಗೆ ಇನ್ನೂ ಗೆರೆ ಇದೆ. ಅದೂ ಪೂರ್ತಿ ಸುತ್ತಲೂ ಅಲ್ಲ, ಒಂದೇ ಬದಿಗೆ, ಕಾಲು ಸುತ್ತು.

ಸುಮಾ_ಟೂಲ್‌ರೂಮ್
ಕಾಲು ಸುತ್ತು ಅಂದರೆ ಬೇರೆ ಕಥೆ. ಡೈ ಕೆಳಗೆ ಇಳಿದು ಪೀಸ್ ಹೊರಗೆ ಬರುವಾಗ ಫ್ಲ್ಯಾಂಜ್ ಮೊದಲು ಬಿಡುಗಡೆ ಆಗಿ ಸ್ವಲ್ಪ ಹಿಗ್ಗುತ್ತದೆ. ಮೈ ಇನ್ನೂ ಡೈ ಒಳಗೆ ಬಿಗಿಯಾಗಿ ಇರುತ್ತದೆ. ಆ ಎಳೆತ ಬೀಳೋದು ಮೂಲೆಯ ಮೇಲೆ. ಮೂಲೆ ರೇಡಿಯಸ್ ಎಷ್ಟಿದೆ? 0.5 ಇಲ್ಲದಿದ್ದರೆ ಮಾಡಿಸಿ. ಪೀಸ್ ಹೊರಬರುವಾಗ ಮೇಲಿನ ಪಂಚ್ ಹಗುರವಾಗಿ ಒತ್ತಿ ಹಿಡಿದಿರುವಂತೆ ಪ್ರೆಸ್ ಸೆಟ್ ಮಾಡೋಕೆ ಆದರೆ ಇನ್ನೂ ಒಳ್ಳೇದು.

ಕುಲುಮೆ_ಕಾಕಾ
ಒಂದೇ ಬದಿಗೆ ಅಂದರೆ ಫೀಡ್ ಶೂ ನೋಡ್ರಿ. ಶೂ ಹೋಗಿ ಬರುವ ದಿಕ್ಕಿನಲ್ಲಿ ಒಂದು ಕಡೆ ಪೌಡರ್ ಕಡಿಮೆ ಬೀಳುತ್ತಿರಬಹುದು. ಈ ಸಲ ನಾನು ಫರ್ನೇಸ್ ಅಂದಿಲ್ಲ!

ಸುಮಾ_ಟೂಲ್‌ರೂಮ್
ಕಾಕಾ ಹೇಳಿದ್ದೂ ಆಗಬಹುದು, ನಾನು ತಳ್ಳಿ ಹಾಕಲ್ಲ. ಪೀಸ್ ಹೊರಬಂದ ಕೂಡಲೇ ಫೀಡ್ ಶೂ ಕಡೆಗಿದ್ದ ಬದಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಗೆರೆ ಪ್ರತಿ ಸಲ ಗುರುತಿನ ಬದಿಗೇ, ಇಲ್ಲಾ ಅದರ ಎದುರಿಗೇ ಬಂದರೆ ಶೂ. ಎಲ್ಲೆಂದರಲ್ಲಿ ಬಂದರೆ ರೇಡಿಯಸ್.

ಉದ್ಯಮಬಾಗ್_ಬುಷ್
ರೇಡಿಯಸ್ 0.2 ಇದೆ ಮೇಡಂ. ಸೋಮವಾರ 300 ಪೀಸಿಗೆ ಗುರುತು ಹಾಕಿ ಒತ್ತುತ್ತೇನೆ, ಆಮೇಲೆ ಇಲ್ಲೇ ಬರೆಯುತ್ತೇನೆ.