ಸಹಾಯ ಬೇಕು: CFG ಏರಿಸಿದರೆ ಫೋಟೋದಂತಿಲ್ಲ, ಇಳಿಸಿದರೆ ಮರದ ಕಂಬವೇ ಬರಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ಒಂದು ತೋಟದ ಮನೆಯ ಡಿಸೈನ್ ಮಾಡುತ್ತಿದ್ದೇನೆ. ಹೆಂಚಿನ ಮಾಡು, ಮುಂದೆ ಜಗಲಿ, ಚೌಕದ ಮರದ ಕಂಬಗಳು. ಸ್ಕೆಚ್‌ಅಪ್‌ನಿಂದ ಡೆಪ್ತ್ ಮ್ಯಾಪ್ ತೆಗೆದು, ಕಂಟ್ರೋಲ್‌ನೆಟ್ ಹಾಕಿ SDXL ಎಂಬ AI ಚಿತ್ರ ಮಾಡೆಲ್‌ನಲ್ಲಿ ರೆಂಡರ್ ಮಾಡುತ್ತಿದ್ದೇನೆ.

ಪ್ರಾಂಪ್ಟ್ ಅನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕು ಅನ್ನುವ CFG ಅನ್ನು 4ಕ್ಕೆ ಇಟ್ಟರೆ ಬೆಳಕು ತುಂಬಾ ಚೆನ್ನಾಗಿ ಬರುತ್ತದೆ. ಮಳೆ ನಿಂತ ಮೇಲೆ ಫೋನಲ್ಲಿ ತೆಗೆದ ಫೋಟೋ ಥರ. ಆದರೆ ಪ್ರಾಂಪ್ಟ್‌ನಲ್ಲಿ ಮರ ಅಂತ ಬರೆದಿದ್ದರೂ ಕಂಬಗಳು ಬಿಳಿ ಸಿಮೆಂಟಿನವಾಗುತ್ತವೆ. ಡೆಪ್ತ್ ಮ್ಯಾಪ್ ಆಕಾರ ಮಾತ್ರ ಹಿಡಿಯುತ್ತದೆ, ಅದು ಮರವೋ ಸಿಮೆಂಟೋ ಅಂತ ಹೇಳಲ್ಲ ಅಲ್ವಾ. CFG 9ಕ್ಕೆ ಏರಿಸಿದರೆ ಕಂಬ ಮರದ್ದೇ ಬರುತ್ತದೆ. ಆಗ ಹೆಂಚು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ, ಮಾಡಿನ ಕೆಳಗಿನ ನೆರಳು ಪೂರ್ತಿ ಕಪ್ಪು, ಗೋಡೆ ಪ್ಲಾಸ್ಟಿಕ್‌ನಂತೆ. 6ರಲ್ಲಿ ಸೀಡ್ ಬದಲಾದಂತೆ ಕಂಬವೂ ಬದಲಾಗುತ್ತದೆ.

ಸ್ಟೆಪ್ಸ್ ಕೂಡ ನೋಡಿದೆ. ಸೀಡ್ ಅದೇ ಇಟ್ಟು, DPM++ 2M Karrasನಲ್ಲಿ 12 ಸ್ಟೆಪ್‌ಗೆ ಹೆಂಚಿನ ಸಾಲುಗಳು ಕಲಸಿಹೋಗುತ್ತವೆ. 30ಕ್ಕೆ ಸರಿಯಾಗುತ್ತವೆ. 50 ಕೊಟ್ಟರೆ ಸುಮ್ನೆ ಸಮಯ ಜಾಸ್ತಿ, ಆ ಕಿತ್ತಳೆ ಬಣ್ಣ ಹಾಗೇ ಇರುತ್ತದೆ. ಹಾಗಾಗಿ 30ಕ್ಕೆ ನಿಲ್ಲಿಸಿದ್ದೇನೆ.

ಮನೆಯವರು ಈ ಚಿತ್ರ ನೋಡಿಯೇ ಕಂಬದ ಮರ ಆರಿಸಬೇಕು, ಅದಕ್ಕೇ ಬೆಳಕು, ಮರ ಎರಡೂ ಸರಿ ಬರಬೇಕು.

ನನ್ನ ಪ್ರಶ್ನೆ ಇಷ್ಟೇ: CFG 4ರಲ್ಲೇ ಪೂರ್ತಿ ಚಿತ್ರ ತೆಗೆದು, ಕಂಬಗಳಿಗೆ ಮಾತ್ರ ಮಾಸ್ಕ್ ಹಾಕಿ 8ರಲ್ಲಿ ಇನ್‌ಪೇಂಟ್ ಮಾಡುವುದು ಒಳ್ಳೆಯದಾ, ಅಥವಾ ಮೊದಲ ಕೆಲವು ಸ್ಟೆಪ್‌ಗೆ CFG ಜಾಸ್ತಿ ಇಟ್ಟು ಆಮೇಲೆ ಇಳಿಸುವುದಾ? ಇನ್‌ಪೇಂಟ್ ಆದರೆ, ಕಂಬದ ಬೆಳಕು ಸುತ್ತಲಿನದಕ್ಕೆ ಹೊಂದಲು ಡಿನಾಯ್ಸ್ ಎಷ್ಟು ಇಡುತ್ತೀರಿ?